ಗುರುವಾರ ಸಂಜೆಯೋ ಶನಿವಾರ ಬೆಳಿಗ್ಗೆಯೋ: ವಿಡಿಯೊ ಬಿಡುವ ಹೊತ್ತಿನ ಲೆಕ್ಕ

ನಮ್ಮ ಅತ್ತಿಗೆ ಬಸವನಗುಡಿಯ ಮನೆಯಿಂದಲೇ ಯೂಟ್ಯೂಬಿನಲ್ಲಿ ಅಡುಗೆಯ ಚಾನೆಲ್ ನಡೆಸುತ್ತಾರೆ. ಕ್ಯಾಮೆರಾ ಹಿಡಿಯುವುದು, ಎಡಿಟಿಂಗ್ ಮಾಡುವುದು, ಅಂಕಿ ಅಂಶ ನೋಡುವುದು ನನ್ನ ಪಾಲು. ಅಡುಗೆ, ಮಾತು ಮತ್ತು ಕೊನೆಯ ತೀರ್ಮಾನ ಅವರದು. ಮೂರು ವರ್ಷ ನಾವು ಪ್ರತಿ ಗುರುವಾರ ಸಂಜೆ ಏಳೂವರೆಗೆ ವಿಡಿಯೊ ಬಿಡುತ್ತಿದ್ದೆವು. ಗುರುವಾರವೇ ಏಕೆ ಎಂದರೆ, ಮೊದಲನೆಯ ವಿಡಿಯೊ ಎಡಿಟಿಂಗ್ ಮುಗಿದದ್ದು ಒಂದು ಗುರುವಾರ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಒಂದು ದಿನ ನ್ಯೂ ಜೆರ್ಸಿಯಲ್ಲಿರುವ ಅತ್ತಿಗೆಯ ಚಿಕ್ಕಮ್ಮನ ಮಗಳು ಫೋನಿನಲ್ಲಿ ಹೇಳಿದಳು: "ಅಕ್ಕ, ನಿನ್ನ ಹೊಸ ವಿಡಿಯೊ ಬಂದಿದೆ ಎಂದು ಫೋನು ಗುಣುಗುಟ್ಟುವ ಹೊತ್ತಿಗೆ ನಾನು ಆಫೀಸಿನ ಮೀಟಿಂಗಿನಲ್ಲಿರುತ್ತೇನೆ. ರಾತ್ರಿ ಟಿವಿ ಮುಂದೆ ಕುಳಿತಾಗ ಅದರ ನೆನಪೇ ಇರುವುದಿಲ್ಲ." ಅತ್ತಿಗೆ ಫೋನು ಇಟ್ಟವರೇ ನನ್ನ ಕಡೆ ತಿರುಗಿ, "ಅಮೆರಿಕದಲ್ಲಿ ನಮ್ಮನ್ನು ನೋಡುವವರು ಎಷ್ಟು ಜನ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹೊತ್ತಿನ ಲೆಕ್ಕ ಶುರುವಾದದ್ದು ಅಲ್ಲಿಂದ.

ಮುಂದೆ ಓದುವ ಮೊದಲು ಒಂದು ಮಾತು ತಿಳಿದಿರಲಿ. ವಿಡಿಯೊ ಬಿಡುವ ಹೊತ್ತು ಅದರ ದೀರ್ಘಕಾಲದ ಓಟವನ್ನು ನೇರವಾಗಿ ಬದಲಾಯಿಸುತ್ತದೆ ಎಂದು ಕಂಡುಬಂದಿಲ್ಲ ಎಂಬುದನ್ನು ಯೂಟ್ಯೂಬೇ ತನ್ನ ಸಹಾಯ ಪುಟದಲ್ಲಿ ಬರೆದುಕೊಂಡಿದೆ. ಆರು ತಿಂಗಳ ನಂತರ ಬಿಸಿಬೇಳೆ ಬಾತ್ ಎಂದು ಹುಡುಕಿ ಬರುವವರಿಗೆ ನೀವು ಅದನ್ನು ಯಾವ ವಾರ ಬಿಟ್ಟಿರಿ ಎಂಬುದು ಬೇಕಾಗಿಲ್ಲ. ಹೊತ್ತು ಬದಲಾಯಿಸಿದರೆ ಬದಲಾಗುವುದು ಮೊದಲ ಎರಡು ಮೂರು ದಿನ ಯಾರು ಬರುತ್ತಾರೆ ಎಂಬುದು. ಗಂಟೆ ಒತ್ತಿಟ್ಟುಕೊಂಡಿರುವ ಹಳೆಯ ವೀಕ್ಷಕರು, ಸಬ್‌ಸ್ಕ್ರಿಪ್ಷನ್ ಪುಟ ತೆರೆದು ನೋಡುವವರು, ಕಾಮೆಂಟಿನಲ್ಲಿ ಪ್ರಶ್ನೆ ಕೇಳುವವರು, ಇವರಿಗೆ ಹೊತ್ತು ಮುಖ್ಯ. ನೇರ ಪ್ರಸಾರಕ್ಕಂತೂ ಹೊತ್ತೇ ಸರ್ವಸ್ವ. ಆ ವಿಷಯ ಕೊನೆಯಲ್ಲಿ ಬರುತ್ತದೆ.

ನೇರಳೆ ಪಟ್ಟಿಗಳು ಹೇಳುವುದು, ಹೇಳದಿರುವುದು

ಯೂಟ್ಯೂಬ್ ಸ್ಟುಡಿಯೊದ Audience ಪುಟದಲ್ಲಿ "When your viewers are on YouTube" ಎಂಬ ಚಿತ್ರವಿದೆ. ವಾರದ ಏಳು ದಿನಕ್ಕೆ ಏಳು ಕಂಬ, ಒಂದೊಂದು ಕಂಬದಲ್ಲಿ ಗಂಟೆಗೊಂದು ಪಟ್ಟಿ. ನೇರಳೆ ಬಣ್ಣ ಗಾಢವಾದಷ್ಟೂ ಆ ಗಂಟೆಯಲ್ಲಿ ನಿಮ್ಮ ವೀಕ್ಷಕರು ಹೆಚ್ಚಾಗಿದ್ದರು ಎಂದು ಅರ್ಥ. ಅದು ಕಳೆದ 28 ದಿನಗಳ ಲೆಕ್ಕ. ತೀರ ಹೊಸ ಚಾನೆಲ್ಲಿಗೆ ಸಾಕಷ್ಟು ವೀಕ್ಷಕರಿಲ್ಲದಿದ್ದರೆ ಚಿತ್ರ ಕಾಣಿಸುವುದೇ ಇಲ್ಲ.

ಹೆಚ್ಚಿನವರು ಇದನ್ನು ತಪ್ಪಾಗಿ ಓದುತ್ತಾರೆ. ಇದು ನಿಮ್ಮ ವಿಡಿಯೊಗಳನ್ನು ಜನ ನೋಡಿದ ಹೊತ್ತಲ್ಲ. ನಿಮ್ಮ ವೀಕ್ಷಕರು ಯೂಟ್ಯೂಬಿನಲ್ಲಿ ಏನನ್ನಾದರೂ ನೋಡುತ್ತಿದ್ದ ಹೊತ್ತು. ಒಂದು ಲೆಕ್ಕಕ್ಕೆ ಇದು ಒಳ್ಳೆಯದೇ. ನಾವು ಗುರುವಾರ ಸಂಜೆ ಬಿಡುತ್ತಿದ್ದುದರಿಂದ ನಮ್ಮದೇ ವೀಕ್ಷಣೆಯ ಲೆಕ್ಕ ನೋಡಿದ್ದರೆ ಗುರುವಾರ ಸಂಜೆಯೇ ಉಬ್ಬಿ ಕಾಣುತ್ತಿತ್ತು. ನಮ್ಮ ಅಭ್ಯಾಸವನ್ನೇ ನಾವು ಜನರ ಅಭ್ಯಾಸ ಎಂದುಕೊಳ್ಳುತ್ತಿದ್ದೆವು. ನೇರಳೆ ಚಿತ್ರದಲ್ಲಿ ಆ ಪ್ರತಿಧ್ವನಿ ಕಡಿಮೆ.

ಆದರೆ ಅದರಲ್ಲಿ ಸಂಖ್ಯೆಗಳಿಲ್ಲ, ಬಣ್ಣದ ಗಾಢತೆ ಮಾತ್ರ ಇದೆ. ದೇಶಗಳನ್ನೂ ಅದು ಬೇರೆ ಮಾಡಿ ತೋರಿಸುವುದಿಲ್ಲ. ಎಲ್ಲರನ್ನೂ ಒಂದೇ ಪಾತ್ರೆಗೆ ಸುರಿದು ನಿಮ್ಮ ಗಡಿಯಾರದ ಗಂಟೆಯಲ್ಲಿ ತೋರಿಸುತ್ತದೆ. ಚಿತ್ರದ ಬಳಿ ಯಾವ ಸಮಯವಲಯ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಅದು GMT+05:30 ಆಗಿರಬೇಕು. ಊರು ಬಿಟ್ಟು ಹೋದಾಗ ಲ್ಯಾಪ್‌ಟಾಪಿನ ಗಡಿಯಾರವೂ ಬದಲಾಗಿದ್ದರೆ ಚಿತ್ರ ನೋಡುವ ಮೊದಲು ಆ ಅಕ್ಷರವನ್ನು ನೋಡಿಕೊಳ್ಳಿ. ವಿಡಿಯೊಗೆ ಮುಂಚೆಯೇ ವೇಳೆ ಗೊತ್ತು ಮಾಡಿಡುವಾಗಲೂ ಅದೇ ಎಚ್ಚರ ಬೇಕು.

ನಮ್ಮ ಚಿತ್ರದಲ್ಲಿ ಎರಡು ಉಬ್ಬುಗಳಿದ್ದವು. ರಾತ್ರಿ ಎಂಟರಿಂದ ಹತ್ತರವರೆಗೆ ಗಾಢ ನೇರಳೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಇನ್ನೊಂದು ತಿಳಿಯಾದ ಉಬ್ಬು. ರಾತ್ರಿಯದು ಯಾರೆಂದು ಕೇಳಬೇಕಾಗಿಲ್ಲ. ಬೆಳಗಿನದು ಯಾರು? ಬೇಸಿಗೆಯಲ್ಲಿ ನ್ಯೂ ಜೆರ್ಸಿಯ ರಾತ್ರಿ ಎಂಟೂವರೆಯಿಂದ ಹನ್ನೊಂದೂವರೆ ಎಂದರೆ ನಮ್ಮಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು. ಆದರೆ ಬೆಂಗಳೂರಿನವರು ಕಾಫಿ ಲೋಟ ಹಿಡಿದು ಫೋನು ನೋಡುವುದೂ ಅದೇ ಹೊತ್ತು. ಎರಡು ಗುಂಪು ಒಂದೇ ಪಟ್ಟಿಯಲ್ಲಿ ಒಂದರ ಮೇಲೊಂದು ಕುಳಿತುಬಿಟ್ಟಿವೆ.

ಇವನ್ನು ಬೇರೆ ಮಾಡುವುದಕ್ಕೆ ಅಮೆರಿಕದವರ ಗಡಿಯಾರವೇ ವರ್ಷಕ್ಕೆರಡು ಬಾರಿ ನೆರವಿಗೆ ಬರುತ್ತದೆ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್ ತಿಂಗಳ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು ಮಾರ್ಚ್ 8 ಮತ್ತು ನವೆಂಬರ್ 1. ನಮ್ಮ ಗಡಿಯಾರ ಕದಲುವುದಿಲ್ಲ. ಆದ್ದರಿಂದ ನವೆಂಬರ್ ಬಂದಾಗ ಅಮೆರಿಕದವರ ಉಬ್ಬು ಆರು–ಒಂಬತ್ತರಿಂದ ಏಳು–ಹತ್ತಕ್ಕೆ ಸರಿಯುತ್ತದೆ, ಬೆಂಗಳೂರಿನ ಕಾಫಿಯ ಉಬ್ಬು ಇದ್ದಲ್ಲೇ ಇರುತ್ತದೆ. ಅಕ್ಟೋಬರ್ ಕೊನೆಗೊಮ್ಮೆ ಸ್ಕ್ರೀನ್‌ಶಾಟ್ ತೆಗೆದಿಡಿ, ನವೆಂಬರ್ ಕೊನೆಗೆ ಇನ್ನೊಮ್ಮೆ ತೆಗೆಯಿರಿ. ನಡುವೆ ನೋಡಿದರೆ 28 ದಿನಗಳ ಲೆಕ್ಕದಲ್ಲಿ ಹಳೆಯದೂ ಹೊಸದೂ ಕಲಸಿಹೋಗಿರುತ್ತವೆ. ನಾವು ಹಾಗೆ ಮಾಡಿದಾಗ ಉಬ್ಬಿನ ಬಲಗಡೆಯ ಅಂಚು ಒಂದು ಪಟ್ಟಿಯಷ್ಟು ಹೊರಗೆ ಚಾಚಿತ್ತು, ಎಡಗಡೆಯ ಅಂಚು ಅಲ್ಲೇ ಇತ್ತು. ಇಬ್ಬರೂ ಇದ್ದಾರೆ ಎಂದಾಯಿತು.

ಯಾವ ಹೊರದೇಶಕ್ಕೆ ಬೇರೆ ಹೊತ್ತು ಬೇಕು?

ದೇಶವಾರು ಲೆಕ್ಕ ಸಿಗುವುದು Advanced mode ಒಳಗಿನ Geography ಪಟ್ಟಿಯಲ್ಲಿ. ಅಲ್ಲಿ ವೀಕ್ಷಣೆಗಳ ಸಂಖ್ಯೆಯ ಜೊತೆಗೆ ನೋಡಿದ ಗಂಟೆಗಳನ್ನೂ ನೋಡಿ. ನಮ್ಮಲ್ಲಿ ವೀಕ್ಷಣೆಯ ಲೆಕ್ಕದಲ್ಲಿ ಭಾರತ ನೂರಕ್ಕೆ 76, ಅಮೆರಿಕ 10, ಕೊಲ್ಲಿ ದೇಶಗಳೆಲ್ಲ ಸೇರಿ 7, ಉಳಿದದ್ದು ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ ಮುಂತಾದವು. ಆದರೆ ನೋಡಿದ ಗಂಟೆಗಳ ಲೆಕ್ಕದಲ್ಲಿ ಅಮೆರಿಕದ ಪಾಲು 16ಕ್ಕೆ ಏರಿತು. ಅಲ್ಲಿಯವರಲ್ಲಿ ಬಹಳ ಜನ ಟಿವಿಯಲ್ಲಿ ಹಾಕಿಕೊಂಡು ಕೊನೆಯವರೆಗೂ ನೋಡುತ್ತಾರೆ. ಇಲ್ಲಿಯವರು ಒಗ್ಗರಣೆಯ ಅಳತೆ ನೋಡಿಕೊಂಡು ಹೊರಟುಬಿಡುತ್ತಾರೆ, ಅವರನ್ನು ನಾನು ದೂರುವುದಿಲ್ಲ. ಹೊರದೇಶದ ಪಾಲು ಗಂಟೆಗಳ ಲೆಕ್ಕದಲ್ಲೂ ನೂರಕ್ಕೆ ಐದನ್ನು ದಾಟದಿದ್ದರೆ ನನ್ನ ಸಲಹೆ ಸರಳ: ಅದನ್ನು ಮರೆತು ರಾತ್ರಿಯ ಗಾಢ ಉಬ್ಬಿಗಿಂತ ಸ್ವಲ್ಪ ಮೊದಲು ಬಿಡಿ, ಮುಂದಿನ ಲೆಕ್ಕ ನಿಮಗೆ ಬೇಡ.

ಹೊರದೇಶದವರೆಲ್ಲರಿಗೂ ಹೊತ್ತು ಹೊಂದಿಸಬೇಕು ಎಂದು ಹೊರಟರೆ ತಲೆ ಕೆಡುತ್ತದೆ. ಹಾಗೆ ಹೊಂದಿಸಬೇಕಾದ ಅಗತ್ಯವೂ ಇಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಅರೇಬಿಯಾ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಅಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿಯೂ ಇಲ್ಲ. ನಮ್ಮ ರಾತ್ರಿ ಎಂಟೂವರೆ ಅವರಿಗೆ ಕೆಲಸ ಮುಗಿಸಿ ಮನೆಗೆ ಬಂದ ಹೊತ್ತು. ಬೆಂಗಳೂರಿಗೆ ಸರಿಹೋದ ಸಂಜೆ ಅವರಿಗೂ ಹೆಚ್ಚುಕಡಿಮೆ ಸರಿಹೋಗುತ್ತದೆ. ವಾರದ ರಜೆ ಮಾತ್ರ ನೆನಪಿರಲಿ. ಸೌದಿ, ಕತಾರ್, ಕುವೈತ್‌ಗಳಲ್ಲಿ ಶುಕ್ರವಾರ, ಶನಿವಾರ ರಜೆ. ಯುಎಇ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾಯಿಸಿಕೊಂಡು ಶುಕ್ರವಾರವನ್ನು ಅರ್ಧ ದಿನ ಮಾಡಿಕೊಂಡಿತು. ಬ್ರಿಟನ್ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ನಮ್ಮ ಸಂಜೆಯ ವಿಡಿಯೊ ಅವರ ಮಧ್ಯಾಹ್ನಕ್ಕೆ ಸಿಗುತ್ತದೆ, ಅವರು ತಮ್ಮ ಸಂಜೆಗೆ ನೋಡುತ್ತಾರೆ.

ಜಗಳ ಇರುವುದು ಉತ್ತರ ಅಮೆರಿಕದೊಂದಿಗೆ ಮಾತ್ರ. ನ್ಯೂ ಜೆರ್ಸಿ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಹಿಂದೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ. ನಮ್ಮ ಸಂಜೆ ಅವರ ಬೆಳಿಗ್ಗೆ, ನಮ್ಮ ಬೆಳಿಗ್ಗೆ ಅವರ ಹಿಂದಿನ ದಿನದ ಸಂಜೆ. ನಮ್ಮ ಪ್ರಶ್ನೆ ಹೀಗೆ ಬಹಳ ಚಿಕ್ಕದಾಯಿತು: ಬೆಂಗಳೂರನ್ನು ಬಿಟ್ಟುಕೊಡದೆ ಅಮೆರಿಕಕ್ಕೆ ಅನುಕೂಲವಾದ ಹೊತ್ತು ಇದೆಯೇ?

ಮೂರು ಆಯ್ಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದೆವು. ಇವು ಜೂನ್‌ನಿಂದ ಆಗಸ್ಟ್‌ವರೆಗಿನ ಗಂಟೆಗಳು.

| ಊರು | ನಮ್ಮ ಗುರುವಾರ ಸಂಜೆ 7:30 | ನಮ್ಮ ಶನಿವಾರ ಬೆಳಿಗ್ಗೆ 7:00 | ನಮ್ಮ ಶನಿವಾರ ರಾತ್ರಿ 8:00 |
|---|---|---|---|
| ನ್ಯೂ ಜೆರ್ಸಿ | ಗುರುವಾರ ಬೆಳಿಗ್ಗೆ 10:00 | ಶುಕ್ರವಾರ ರಾತ್ರಿ 9:30 | ಶನಿವಾರ ಬೆಳಿಗ್ಗೆ 10:30 |
| ಕ್ಯಾಲಿಫೋರ್ನಿಯಾ | ಗುರುವಾರ ಬೆಳಿಗ್ಗೆ 7:00 | ಶುಕ್ರವಾರ ಸಂಜೆ 6:30 | ಶನಿವಾರ ಬೆಳಿಗ್ಗೆ 7:30 |
| ದುಬೈ | ಗುರುವಾರ ಸಂಜೆ 6:00 | ಶನಿವಾರ ನಸುಕು 5:30 | ಶನಿವಾರ ಸಂಜೆ 6:30 |
| ಲಂಡನ್ | ಗುರುವಾರ ಮಧ್ಯಾಹ್ನ 3:00 | ಶುಕ್ರವಾರ ಕಳೆದ ರಾತ್ರಿ 2:30 | ಶನಿವಾರ ಮಧ್ಯಾಹ್ನ 3:30 |
| ಮೆಲ್ಬರ್ನ್ | ಗುರುವಾರ ನಡುರಾತ್ರಿ 12:00 | ಶನಿವಾರ ಬೆಳಿಗ್ಗೆ 11:30 | ಶನಿವಾರ ಕಳೆದ ರಾತ್ರಿ 12:30 |

ಹಾಳೆಯನ್ನು ನೋಡುತ್ತಿದ್ದಂತೆಯೇ ಗುರುವಾರದ ತೊಂದರೆ ಕಣ್ಣಿಗೆ ಬಿತ್ತು. ನ್ಯೂ ಜೆರ್ಸಿಯವರು ಕೆಲಸಕ್ಕೆ ಕುಳಿತಾಗಿದೆ, ಕ್ಯಾಲಿಫೋರ್ನಿಯಾದವರು ಮಕ್ಕಳನ್ನು ಶಾಲೆಗೋ ಶಿಬಿರಕ್ಕೋ ಹೊರಡಿಸುತ್ತಿದ್ದಾರೆ, ಮೆಲ್ಬರ್ನಿನವರು ಮಲಗಿದ್ದಾರೆ. ಸಬ್‌ಸ್ಕ್ರಿಪ್ಷನ್ ಪುಟದಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಅವರು ರಾತ್ರಿ ಪುಟ ತೆರೆಯುವ ಹೊತ್ತಿಗೆ ನಮ್ಮ ವಿಡಿಯೊ ಹತ್ತಾರು ವಿಡಿಯೊಗಳ ಅಡಿಯಲ್ಲಿರುತ್ತದೆ. ಶನಿವಾರ ಬೆಳಿಗ್ಗೆ ಏಳು ಗಂಟೆ ಮಾತ್ರ ಅಮೆರಿಕದ ಎರಡೂ ತೀರಗಳಿಗೆ ವಾರದ ಕೆಲಸ ಮುಗಿದ ಸಂಜೆ. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ಹಿಂದೆ ಸರಿದರೂ ನ್ಯೂ ಜೆರ್ಸಿಗೆ ಎಂಟೂವರೆ, ಕ್ಯಾಲಿಫೋರ್ನಿಯಾಕ್ಕೆ ಐದೂವರೆ ಆಗುತ್ತದೆ, ಆಗಲೂ ಹೊತ್ತು ಕೆಡುವುದಿಲ್ಲ. ಲಂಡನ್ ಮತ್ತು ದುಬೈಗಳವರು ನಿದ್ದೆಯಲ್ಲಿರುತ್ತಾರೆ ನಿಜ. ಆದರೆ ಎದ್ದ ಮೇಲೆ ಅವರ ಮುಂದೆ ಇಡೀ ಶನಿವಾರ ಇರುತ್ತದೆ.

ಹನ್ನೆರಡು ವಾರ

ಹಾಳೆಯಲ್ಲಿ ಚೆನ್ನಾಗಿ ಕಂಡದ್ದು ಒಲೆಯ ಮೇಲೆ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಆದ್ದರಿಂದ ಪರೀಕ್ಷೆ ಮಾಡಿದೆವು. ಮೊದಲ ನಾಲ್ಕು ವಾರ ಒಂದು ಹೊತ್ತು, ಆಮೇಲಿನ ನಾಲ್ಕು ವಾರ ಇನ್ನೊಂದು ಎಂದು ಮಾಡಲಿಲ್ಲ. ಹಾಗೆ ಮಾಡಿದರೆ ಹಬ್ಬವೋ ಕ್ರಿಕೆಟ್ಟೋ ಒಂದು ಹೊತ್ತಿನ ತಲೆಯ ಮೇಲೇ ಬಂದು ಕುಳಿತು ಲೆಕ್ಕ ಕೆಡಿಸುತ್ತದೆ. ಮೊದಲ ವಾರ ಗುರುವಾರ, ಎರಡನೇ ವಾರ ಶನಿವಾರ ಬೆಳಿಗ್ಗೆ, ಮೂರನೇ ವಾರ ಶನಿವಾರ ರಾತ್ರಿ, ಮತ್ತೆ ಗುರುವಾರ, ಹೀಗೆ ಸರದಿಯಲ್ಲಿ ಹನ್ನೆರಡು ವಾರ. ಒಂದೊಂದು ಹೊತ್ತಿಗೆ ನಾಲ್ಕು ವಿಡಿಯೊ. "ಊಟದ ಹೊತ್ತನ್ನು ವಾರಕ್ಕೊಂದು ಸಲ ಬದಲಾಯಿಸಿದರೆ ಮನೆಯವರು ಬೈಯುವುದಿಲ್ಲವೇ?" ಎಂದು ಅತ್ತಿಗೆ ಕೇಳಿದರು. ಆ ಮಾತಿನಲ್ಲಿ ಹುರುಳಿತ್ತು, ಇಬ್ಬರು ಕಾಮೆಂಟಿನಲ್ಲಿ ಕೇಳಿಯೂಬಿಟ್ಟರು.

ಎಲ್ಲ ವಿಡಿಯೊಗಳನ್ನೂ ಹಿಂದಿನ ದಿನವೇ ಏರಿಸಿ ಖಾಸಗಿಯಾಗಿಟ್ಟು ವೇಳೆ ಗೊತ್ತು ಮಾಡಿದೆವು. ಗೊತ್ತಾದ ಗಂಟೆಗೆ ಏರಿಸಲು ಕುಳಿತರೆ ಹೆಚ್ಚಿನ ಗುಣಮಟ್ಟದ ಪ್ರತಿ ಸಿದ್ಧವಾಗಲು ಹೊತ್ತು ಹಿಡಿಯುತ್ತದೆ. ಮೊದಲು ಬಂದವರು ಮಸುಕು ಚಿತ್ರದಲ್ಲಿ ಚಟ್ನಿಯ ಬಣ್ಣ ನೋಡಬೇಕಾಗುತ್ತದೆ.

ಮೊದಲ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಅತ್ತಿಗೆಯ ಫೋನು ಬಂತು. ಧ್ವನಿಯಲ್ಲಿ ಗಾಬರಿ. ಸ್ಟುಡಿಯೊ ಆ ವಿಡಿಯೊಗೆ ಕಳೆದ ಹತ್ತು ವಿಡಿಯೊಗಳಲ್ಲಿ ಹತ್ತನೆಯ ಸ್ಥಾನ ಕೊಟ್ಟಿತ್ತು. ಆ ಸ್ಥಾನವನ್ನು ಬಿಡುಗಡೆಯಾದ ನಂತರ ಅಷ್ಟೇ ಹೊತ್ತು ಕಳೆದಾಗ ಇತರ ವಿಡಿಯೊಗಳು ಎಷ್ಟಿದ್ದವು ಎಂಬುದರೊಂದಿಗೆ ಹೋಲಿಸಿ ಕೊಡುತ್ತಾರೆ. ಉಳಿದ ಒಂಬತ್ತೂ ಸಂಜೆ ಏಳೂವರೆಗೆ ಹುಟ್ಟಿದವು. ಅವುಗಳ ಮೊದಲ ಗಂಟೆ ಬೆಂಗಳೂರಿನ ರಾತ್ರಿ ಎಂಟೂವರೆ. ಇದರ ಮೊದಲ ಗಂಟೆ ಬೆಂಗಳೂರು ಇನ್ನೂ ಹಾಸಿಗೆ ಮಡಚುತ್ತಿರುವ ಹೊತ್ತು. ಹೊತ್ತು ಬದಲಾಯಿಸಿದವರು ಮೊದಲ ದಿನ ಆ ಸ್ಥಾನವನ್ನು ನೋಡಲೇಬಾರದು. ಭಾನುವಾರ ಸಂಜೆಯ ಹೊತ್ತಿಗೆ ಅದೇ ವಿಡಿಯೊ ನಾಲ್ಕನೆಯ ಸ್ಥಾನದಲ್ಲಿತ್ತು.

ಅದಕ್ಕಿಂತ ಕೆಟ್ಟ ಗುಂಡಿಗೆ ಬಿದ್ದವನು ನಾನು. ದೇಶವಾರು ಲೆಕ್ಕದಲ್ಲಿ ಬಿಡುಗಡೆಯ ದಿನಾಂಕದ ವೀಕ್ಷಣೆ ತೆಗೆದು ನೋಡಿದರೆ ಶನಿವಾರ ಬೆಳಗಿನ ವಿಡಿಯೊ ಗುರುವಾರದ್ದಕ್ಕಿಂತ ತೀರ ಹಿಂದೆ ಬಿದ್ದಿತ್ತು, ಅಮೆರಿಕದಲ್ಲಿಯೂ ಕೂಡ. ಪರೀಕ್ಷೆ ನಿಲ್ಲಿಸಿಬಿಡೋಣ ಎಂದೆ. ಆಮೇಲೆ ಹೊಳೆಯಿತು: ಯೂಟ್ಯೂಬ್ ದಿನವಾರು ಲೆಕ್ಕದಲ್ಲಿ ದಿನ ಎಂದರೆ ಬೆಂಗಳೂರಿನ ದಿನವಲ್ಲ, ಅಮೆರಿಕದ ಪಶ್ಚಿಮ ತೀರದ ದಿನ. ಅದು ಅಲ್ಲಿಯ ನಡುರಾತ್ರಿಗೆ, ಎಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ ಶುರುವಾಗುತ್ತದೆ. ನಮ್ಮ ಶನಿವಾರ ಬೆಳಿಗ್ಗೆ ಏಳು ಆ ಲೆಕ್ಕದಲ್ಲಿ ಶುಕ್ರವಾರ ಸಂಜೆ ಆರೂವರೆ. ಆ ದಿನ ಮುಗಿಯಲು ಉಳಿದಿರುವುದು ಐದೂವರೆ ಗಂಟೆ. ಗುರುವಾರದ ವಿಡಿಯೊಗೆ ಅದರ ಮೊದಲ ದಿನದಲ್ಲಿ ಹದಿನೇಳು ಗಂಟೆ ಸಿಕ್ಕಿತ್ತು. ಐದೂವರೆ ಗಂಟೆಯ ಗಳಿಕೆಯನ್ನು ಹದಿನೇಳು ಗಂಟೆಯ ಗಳಿಕೆಯೊಂದಿಗೆ ತೂಗುತ್ತಿದ್ದೆ. ಬೆಳಿಗ್ಗೆ ಅಂಗಡಿ ತೆರೆದವನಿಗೂ ಬಾಗಿಲು ಹಾಕುವ ಹೊತ್ತಿಗೆ ಬಂದವನಿಗೂ ಒಂದೇ ದಿನದ ವ್ಯಾಪಾರ ಕೇಳಿದ ಹಾಗೆ.

ಪರಿಹಾರ ಸುಲಭ. ಅಮೆರಿಕದ ಲೆಕ್ಕಕ್ಕೆ ಎಲ್ಲ ವಿಡಿಯೊಗಳದ್ದೂ ಮೊದಲ ಮೂರು ದಿನಾಂಕಗಳನ್ನು ಕೂಡಿಸಿದೆ. ಆಗಲೂ ಶನಿವಾರ ಬೆಳಗಿನದಕ್ಕೆ ಸಿಗುವುದು ಸುಮಾರು 53 ಗಂಟೆ, ಗುರುವಾರದ್ದಕ್ಕೆ 65 ಗಂಟೆ. ಬೆಳಗಿನ ವಿಡಿಯೊ ಅಷ್ಟು ಕಡಿಮೆ ಹೊತ್ತಿನಲ್ಲೂ ಮುಂದೆ ಬಂದರೆ ಆ ಗೆಲುವನ್ನು ನಂಬಬಹುದು. ಒಟ್ಟು ಲೆಕ್ಕಕ್ಕೆ ಏಳು ದಿನಾಂಕ ತೆಗೆದುಕೊಂಡೆ. ಅಷ್ಟು ಉದ್ದದಲ್ಲಿ ಕೆಲವು ಗಂಟೆಗಳ ವ್ಯತ್ಯಾಸ ಕರಗಿಹೋಗುತ್ತದೆ. ದೇಶವಾರು ಅಂಕಿಗಳು ಪೂರ್ತಿ ಸೇರಲು ಒಂದೆರಡು ದಿನ ತಡವಾಗುವುದರಿಂದ ಹತ್ತನೆಯ ದಿನ ನೋಡಿ ಬರೆದುಕೊಳ್ಳುತ್ತಿದ್ದೆ.

ಫಲ ಹೀಗಿತ್ತು. ಗುರುವಾರದ ನಾಲ್ಕು ವಿಡಿಯೊಗಳು ಏಳು ದಿನಗಳಲ್ಲಿ ಪಡೆದ ವೀಕ್ಷಣೆಗಳು 4,100, 4,700, 5,200 ಮತ್ತು 9,800. ಕೊನೆಯದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಬಂದ ಹೋಳಿಗೆ. ಸರಾಸರಿ ತೆಗೆದರೆ ಹೋಳಿಗೆಯೊಂದೇ ಗುರುವಾರವನ್ನು ಗೆಲ್ಲಿಸಿಬಿಡುತ್ತದೆ. ಅದಕ್ಕೇ ನಾಲ್ಕನ್ನೂ ಏರಿಕೆಯಲ್ಲಿ ಬರೆದು ನಡುವಿನ ಎರಡರ ಮಧ್ಯದ ಸಂಖ್ಯೆ ಹಿಡಿದೆ: 4,950. ಶನಿವಾರ ಬೆಳಗಿನ ನಡುಸಂಖ್ಯೆ 5,200, ಶನಿವಾರ ರಾತ್ರಿಯದು 5,350. ಅತ್ತಿಗೆ ರಾತ್ರಿಯೇ ಗೆದ್ದಿತು ಎಂದರು. ನಾನು ಒಪ್ಪಲಿಲ್ಲ. ಒಂದೇ ಹೊತ್ತಿನ ಎರಡು ವಿಡಿಯೊಗಳ ನಡುವೆ ಸಾವಿರದ ಅಂತರವಿರುವಾಗ, ಹೊತ್ತು ಹೊತ್ತುಗಳ ನಡುವಿನ ನಾನೂರರ ಅಂತರಕ್ಕೆ ಬೆಲೆಯಿಲ್ಲ. ಒಟ್ಟು ವೀಕ್ಷಣೆಯ ಮಟ್ಟಿಗೆ ಮೂರು ಹೊತ್ತೂ ಸಮ. ಯೂಟ್ಯೂಬ್ ಬರೆದುಕೊಂಡದ್ದು ನಮ್ಮ ಮನೆಯ ಮಟ್ಟಿಗೂ ನಿಜವಾಯಿತು.

ಅಮೆರಿಕದ ಮೊದಲ ಮೂರು ದಿನಾಂಕಗಳ ಲೆಕ್ಕದಲ್ಲಿ ಮಾತ್ರ ಕಥೆ ಬೇರೆ. ಗುರುವಾರದ ನಡುಸಂಖ್ಯೆ 215, ಶನಿವಾರ ರಾತ್ರಿಯದು 280, ಶನಿವಾರ ಬೆಳಗಿನದು 345. ಬೆಳಗಿನ ನಾಲ್ಕರಲ್ಲಿ ಅತಿ ಕಡಿಮೆ ಬಂದದ್ದು 310. ಹೋಳಿಗೆಯೊಂದನ್ನು ಬಿಟ್ಟರೆ ಗುರುವಾರದ ಯಾವ ವಿಡಿಯೊವೂ 230 ದಾಟಿರಲಿಲ್ಲ. ಎರಡು ಗುಂಪುಗಳು ಒಂದರೊಳಗೊಂದು ಬೆರೆಯದೆ ಹೀಗೆ ದೂರ ನಿಂತಾಗ, ನಾಲ್ಕೇ ವಿಡಿಯೊ ಆದರೂ ಮಾತು ಕೇಳಬಹುದು.

ಭಾರತದ ಕಡೆಯಿಂದ ನಷ್ಟವೇನಾದರೂ ಆಯಿತೇ? ಮೊದಲ ಹನ್ನೆರಡು ಗಂಟೆ ಮಂಕಾಗಿತ್ತು, ರಾತ್ರಿ ಎಂಟರ ಹೊತ್ತಿಗೆ ಚೇತರಿಸಿಕೊಂಡಿತು. ಸ್ಟುಡಿಯೊದ 48 ಗಂಟೆಗಳ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಬೆಳಿಗ್ಗೆ ಒಂದು ಸಣ್ಣ ಗುಡ್ಡ, ಮಧ್ಯಾಹ್ನ ತಗ್ಗು, ರಾತ್ರಿ ದೊಡ್ಡ ಗುಡ್ಡ, ಮರುದಿನ ಬೆಳಿಗ್ಗೆ ಮತ್ತೊಂದು. ಆ ಪಟ್ಟಿ ನಮ್ಮ ಗಡಿಯಾರದಲ್ಲೇ ಇರುವುದರಿಂದ ಓದುವುದು ಸುಲಭ. ಮೇಲಾಗಿ ಅಡುಗೆಯ ಚಾನೆಲ್ಲಿಗೆ ಶನಿವಾರ ಬೆಳಿಗ್ಗೆ ಬೇರೊಂದು ಲಾಭವಿದೆ. ಅಂದು ನೋಡಿದವರು ಅಂದೇ ಅಥವಾ ಭಾನುವಾರ ಮಾಡುತ್ತಾರೆ, ಮಾಡಿ ಬಂದು ಕಾಮೆಂಟು ಬರೆಯುತ್ತಾರೆ. ಶೇರು ಮಾರುಕಟ್ಟೆಯ ಚಾನೆಲ್ಲಿಗೆ ಅಥವಾ ಪರೀಕ್ಷೆಯ ಪಾಠಗಳಿಗೆ ಇದು ಹೊಂದುವುದಿಲ್ಲ.

ನಾವು ಶನಿವಾರ ಬೆಳಿಗ್ಗೆ ಏಳಕ್ಕೆ ನಿಂತೆವು. ಗಡಿಯಾರ ಬದಲಾದಾಗ ಬೆಂಗಳೂರಿನ ಏಳನ್ನೇ ಹಿಡಿದುಕೊಳ್ಳುತ್ತೇವೆ, ಏಕೆಂದರೆ ಮುಕ್ಕಾಲು ಪಾಲು ಜನರ ಗಡಿಯಾರ ಬದಲಾಗುವುದಿಲ್ಲ.

ಎರಡೂ ಹೊತ್ತು ಬೇಕು ಎನ್ನುವವರು ಒಂದೇ ವಿಡಿಯೊವನ್ನು ಎರಡು ಸಲ ಏರಿಸಬೇಡಿ. ವೀಕ್ಷಣೆ, ಕಾಮೆಂಟು ಎರಡೂ ಹಂಚಿಹೋಗುತ್ತವೆ. ವಿಡಿಯೊವನ್ನು ಸಂಜೆಯೇ ಬಿಟ್ಟು, ಶನಿವಾರ ಬೆಳಿಗ್ಗೆ ಅದರ ಕೊಂಡಿಯೊಂದಿಗೆ ಒಂದು ಚಿಕ್ಕ ಪೋಸ್ಟ್ ಹಾಕುವುದು ಅಗ್ಗದ ದಾರಿ. ನಮ್ಮ ಲೆಕ್ಕದಲ್ಲಿ ಅದರಿಂದ ಬಂದವರು ಕಡಿಮೆ, ಆದರೆ ಖರ್ಚೂ ಇಲ್ಲ. ಒಂದೇ ದಿನ ನಾಲ್ಕಾರು ವಿಡಿಯೊ ಬಿಡುವವರಿಗೆ ಇನ್ನೊಂದು ಮಿತಿ ಇದೆ: ಒಂದು ಚಾನೆಲ್ಲಿನಿಂದ ಒಬ್ಬ ವೀಕ್ಷಕರಿಗೆ 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ಹೊಸ ವಿಡಿಯೊದ ಸೂಚನೆಗಳನ್ನು ಯೂಟ್ಯೂಬ್ ಕಳಿಸುವುದಿಲ್ಲ.

ನೇರ ಪ್ರಸಾರಕ್ಕೆ ಬೇರೆ ಲೆಕ್ಕ

ತಿಂಗಳಿಗೊಮ್ಮೆ ಅತ್ತಿಗೆ ನೇರ ಪ್ರಸಾರದಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಅದಕ್ಕೆ ಶನಿವಾರ ಬೆಳಿಗ್ಗೆ ಏಳನ್ನು ಪ್ರಯತ್ನಿಸಿ ಕೈಸುಟ್ಟುಕೊಂಡೆವು. ನ್ಯೂ ಜೆರ್ಸಿಯವರು ಬಂದರು, ಬೆಂಗಳೂರಿನವರು ಬರಲಿಲ್ಲ. ಬಂದವರೂ ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದರು. ಸಾಮಾನ್ಯ ವಿಡಿಯೊ ರಾತ್ರಿಯವರೆಗೆ ಕಾಯುತ್ತದೆ, ನೇರ ಪ್ರಸಾರ ಕಾಯುವುದಿಲ್ಲ. ಆ ಹೊತ್ತಿನಲ್ಲಿ ಎಚ್ಚರವಾಗಿದ್ದು ಕೈ ಖಾಲಿ ಇರುವವರೇ ಅದರ ವೀಕ್ಷಕರು. ನೇರಳೆ ಚಿತ್ರ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಗಾಢ ಪಟ್ಟಿ ಎಲ್ಲಿದೆಯೋ ಅಲ್ಲೇ ಕುಳಿತುಕೊಳ್ಳಬೇಕು.

ಆದ್ದರಿಂದ ನೇರ ಪ್ರಸಾರಕ್ಕೆ ಶನಿವಾರ ರಾತ್ರಿ ಎಂಟು. ಬೆಂಗಳೂರು ಊಟ ಮುಗಿಸುವ ಅಥವಾ ಊಟಕ್ಕೆ ಕೂರುವ ಹೊತ್ತು, ದುಬೈಗೆ ಸಂಜೆ, ಲಂಡನ್ನಿಗೆ ಮಧ್ಯಾಹ್ನ, ನ್ಯೂ ಜೆರ್ಸಿಗೆ ರಜೆಯ ದಿನ ಹತ್ತೂವರೆ. ಬಿಟ್ಟುಹೋಗುವವರು ಮೆಲ್ಬರ್ನಿನವರು, ಬೇಸಿಗೆಯಲ್ಲಿ ಏಳೂವರೆಗೆ ಕಣ್ಣುಜ್ಜಿಕೊಂಡು ಬರುವವರು ಕ್ಯಾಲಿಫೋರ್ನಿಯಾದವರು. ನವೆಂಬರ್ ಬಂದರೆ ಅವರಿಗೆ ಆರೂವರೆ ಆಗುತ್ತದೆ. ಹಾಗಾಗಿ ಚಳಿಗಾಲದ ನಾಲ್ಕು ತಿಂಗಳು ನೇರ ಪ್ರಸಾರವನ್ನು ಮಾತ್ರ ಎಂಟೂವರೆಗೆ ಸರಿಸುತ್ತೇವೆ. ಒಂಬತ್ತಕ್ಕೆ ಹೋಗುವುದಿಲ್ಲ, ಹತ್ತರ ನಂತರ ಬೆಂಗಳೂರಿನ ಪಟ್ಟಿ ತಿಳಿಯಾಗುತ್ತದೆ. ಪ್ರಕಟಣೆಯಲ್ಲಿ ನಾಲ್ಕು ಊರಿನ ಗಂಟೆಗಳನ್ನೂ ವಾರದ ಹೆಸರನ್ನೂ ಬರೆಯುತ್ತೇವೆ. ಭಾರತದ ಸಮಯ ಎಂದಷ್ಟೇ ಬರೆದಿದ್ದ ತಿಂಗಳು ಕ್ಯಾಲಿಫೋರ್ನಿಯಾದ ಒಬ್ಬರು ಶನಿವಾರ ರಾತ್ರಿ ಎಂಟಕ್ಕೆ ಬಂದು, ಮುಗಿದುಹೋದ ಪ್ರಸಾರದ ಕೆಳಗೆ "ಎಲ್ಲರೂ ಎಲ್ಲಿದ್ದೀರಿ?" ಎಂದು ಬರೆದಿದ್ದರು. ಆಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಅತ್ತಿಗೆ ದೋಸೆ ಹುಯ್ಯುತ್ತಿದ್ದರು, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಉತ್ತರ ಬರೆದರು.